ಕೊಂಡಿ ಹಾಕಿ ನೇಯ್ದ ಇಳಕಲ್ ಸೀರೆ: ಹಸಿರು ಒಡಲು, ಕೆಂಪು ಸೆರಗು

ಚಿತ್ರದಲ್ಲಿರುವ ಸೀರೆಯನ್ನು ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನಮ್ಮ ಸಹಕಾರಿ ಸಂಘದ ಸದಸ್ಯರೊಬ್ಬರು ತಮ್ಮ ಮನೆಯ ಕುಣಿ ಮಗ್ಗದಲ್ಲಿ ನೇಯ್ದಿದ್ದಾರೆ. ನೂಲು ಸುತ್ತಿ, ಉದ್ದನೆಯ ಎಳೆಗಳ ಹಾಸು ಸಿದ್ಧಪಡಿಸಿ, ಕೊಂಡಿ ಹಾಕಿಕೊಟ್ಟವರು ಅವರ ಪತ್ನಿ ಮತ್ತು ಅತ್ತಿಗೆ. ಈ ಪೂರ್ವಸಿದ್ಧತೆಯ ಕೂಲಿಯೂ ಸೀರೆಯ ಬೆಲೆಯಲ್ಲಿ ಸೇರಿದೆ.

ಇಳಕಲ್ ಸೀರೆಯ ಜೀವಾಳ ಕೊಂಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಇವೆರಡೂ ಸೇರುವ ಜಾಗದಲ್ಲಿ ಒಂದೊಂದು ಹಸಿರು ಎಳೆಯನ್ನೂ ಒಂದೊಂದು ಕೆಂಪು ಎಳೆಯೊಳಗೆ ಕುಣಿಕೆಯಂತೆ ಕೋದು, ಆಮೇಲೆ ನೇಯ್ಗೆಗೆ ಕೂರುತ್ತಾರೆ. ಎರಡನೆಯ ಚಿತ್ರದಲ್ಲಿ ಸೆರಗು ಆರಂಭವಾಗುವ ಗೆರೆಯನ್ನು ಹತ್ತಿರದಿಂದ ತೋರಿಸಿದ್ದೇವೆ: ಹಸಿರು ಅಲ್ಲಿಗೆ ನಿಂತು ಕೆಂಪು ಹೊರಡುತ್ತದೆ, ಆದರೆ ಹೊಲಿಗೆ ಎಲ್ಲಿಯೂ ಇಲ್ಲ. ಹೀಗೆ ಜೋಡಿಸಬೇಕಾದ್ದರಿಂದ ಹಲವು ಸೀರೆಗಳಿಗೆ ಒಮ್ಮೆಲೇ ಉದ್ದನೆಯ ಹಾಸು ಹೂಡಲು ಬರುವುದಿಲ್ಲ. ಪ್ರತಿ ಸೀರೆಗೂ ಹೊಸದಾಗಿ ಹೂಡಬೇಕು. ಸೆರಗಿನ ಕೆಂಪಿನ ನಡುವೆ ಬಿಳಿಯಲ್ಲಿ ಮೂಡಿರುವುದು ಟೋಪ್ ತೆನಿ ವಿನ್ಯಾಸ.

ಒಡಲು ಹತ್ತಿ, ಸೆರಗು ರೇಷ್ಮೆ, ದಡಿ ಕೃತಕ ರೇಷ್ಮೆ. ಆದ್ದರಿಂದ ಇದನ್ನು ಶುದ್ಧ ರೇಷ್ಮೆ ಸೀರೆ ಎಂದು ನಾವು ಮಾರುವುದಿಲ್ಲ. ಬಣ್ಣ ರಾಸಾಯನಿಕ, ನೈಸರ್ಗಿಕವಲ್ಲ. ಸೀರೆಯ ಮೇಲೆ ಕಸೂತಿ ಇಲ್ಲ. ಅದು ಸೂಜಿಯ ಕೆಲಸ, ನೇಯ್ಗೆಗಿಂತ ಬೇರೆ.

ಇದು ಕೈಮಗ್ಗದ್ದೇ ಎಂದು ತಿಳಿಯುವುದು ಹೇಗೆ ಎಂದು ಕೊಳ್ಳುವವರು ಕೇಳುವುದು ನ್ಯಾಯ. ಅಲ್ಲಲ್ಲಿ ಎಳೆ ಏರುಪೇರಾಗಿರುವುದೇ ಕೈಮಗ್ಗದ ಗುರುತು ಎಂಬ ಮಾತನ್ನು ನಾವು ಹೇಳುವುದಿಲ್ಲ, ಏಕೆಂದರೆ ನುರಿತ ನೇಕಾರರ ಬಟ್ಟೆ ಸಮನಾಗಿಯೇ ಇರುತ್ತದೆ, ವಿದ್ಯುತ್ ಮಗ್ಗದಲ್ಲೂ ಎಳೆ ತಪ್ಪುತ್ತದೆ. ಕೊಂಡಿಯೂ ಹಾಸನ್ನು ಹೇಗೆ ಜೋಡಿಸಿದರು ಎಂಬುದನ್ನು ಹೇಳುತ್ತದೆಯೇ ಹೊರತು ಮಗ್ಗ ಯಾವುದರಿಂದ ನಡೆಯಿತು ಎಂಬುದನ್ನಲ್ಲ. ನಾವು ಕೊಡಬಲ್ಲ ಆಧಾರ ಎರಡು: ಸೀರೆಗೆ ಹೊಲಿದಿರುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ, ಮತ್ತು ನೂಲು ಕೊಟ್ಟ ದಿನ, ಸೀರೆ ಬಂದ ದಿನ, ಕೊಟ್ಟ ಕೂಲಿ ಬರೆದಿಟ್ಟ ಸಂಘದ ವಹಿ. ಕಚೇರಿಗೆ ಬಂದವರಿಗೆ ವಹಿಯನ್ನು ತೋರಿಸುತ್ತೇವೆ. ನೇಕಾರರು ಒಪ್ಪಿದರೆ ಮಗ್ಗವನ್ನೂ ನೋಡಬಹುದು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕ ನೋಂದಣಿ ಇದೆ. ಆದರೆ ಅದರ ಅಧಿಕೃತ ಬಳಕೆದಾರರಾಗಿ ನಮ್ಮ ಸಂಘ ಇನ್ನೂ ನೋಂದಾಯಿಸಿಕೊಂಡಿಲ್ಲವಾದ್ದರಿಂದ ಆ ಲಾಂಛನವನ್ನು ಇಲ್ಲಿ ಹಾಕಿಲ್ಲ.

ಸೆರಗಿನ ರೇಷ್ಮೆಯ ಬಗ್ಗೆ ಅನುಮಾನವಿದ್ದರೆ ಅಂಚಿನಿಂದ ಒಂದು ಕೆಂಪು ಎಳೆ ತೆಗೆದು ಸುಟ್ಟು ನೋಡಬಹುದು: ಕೂದಲು ಸುಟ್ಟ ವಾಸನೆ ಬರಬೇಕು. ದಡಿಯ ಎಳೆ ಕಾಗದದಂತೆ ಉರಿಯುತ್ತದೆ, ಏಕೆಂದರೆ ಆ ಕೃತಕ ರೇಷ್ಮೆ ರೇಯಾನ್.

ಉದ್ದ 6 ಗಜ, ಬೆಲೆ 4,200 ರೂಪಾಯಿ. ಮೊದಲ ಒಗೆತಗಳಲ್ಲಿ ಕೆಂಪು ಬಣ್ಣ ಸ್ವಲ್ಪ ಬಿಡಬಹುದಾದ್ದರಿಂದ ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆದು ನೆರಳಿನಲ್ಲಿ ಒಣಗಿಸಿರಿ.