ಹಂಚು ಕಾಯ್ದೈತೋ ಇಲ್ಲೋ: ನೀರಿನ ಹನಿ, ಎಣ್ಣಿ ಹೊಳಪು ನೋಡಿ ತಿಳ್ಕೊಳ್ಳೋದು

(ಭಾನುವಾರದ ಅಡಗಿ ಕ್ಲಾಸು, ವಿದ್ಯಾನಗರ, ಹುಬ್ಬಳ್ಳಿ. ಹೊಸದಾಗಿ ಒಲಿ ಮುಂದ ನಿಂತವರಿಗೆ. ಮಡಚಿ ಬ್ಯಾಗಿನ್ಯಾಗ ಇಟ್ಕೋಬ್ಯಾಡ್ರಿ, ಒಲಿ ಬಾಜೂಕ ಗ್ವಾಡಿಗೆ ಅಂಟಿಸ್ರಿ.)

ಹೋದ ವಾರ ಎಲ್ಲಾರೂ ಕೇಳಿದ್ದು ಒಂದೇ ಮಾತು, "ಕಾಕು, ಹಂಚು ಎಷ್ಟ್ ನಿಮಿಷ ಕಾಸಬೇಕ್ರಿ?" ಅದಕ್ಕ ನನ್ನ ಹಂತ್ಯಾಕ ಉತ್ತರ ಇಲ್ಲ. ನಿಮ್ಮ ರೂಮಿನ ಇಂಡಕ್ಷನ್ ಬ್ಯಾರೆ, ನಮ್ಮನಿ ಗ್ಯಾಸ್ ಬ್ಯಾರೆ, ನನ್ನ ಬೀಡಿನ ಹಂಚು ಕಾಯೂದ್ರಾಗ ನಿಮ್ಮ ತೆಳ್ಳನ ಅಲ್ಯೂಮಿನಿಯಂ ತವಾ ಎರಡ್ ಸಲ ಹೊತ್ತಿ ಹೋಗಿರ್ತೈತಿ. ನಿಮಿಷ ಎಣಸೂದು ಬಿಡ್ರಿ, ಹಂಚೇ ಹೇಳ್ತೈತಿ. ಎಣ್ಣಿ ಹಾಕೂದಕ್ಕಿಂತ ಮೊದಲು ನೀರಿನ ಹನಿ ನೋಡ್ರಿ, ಎಣ್ಣಿ ಹಾಕಿದ ಮ್ಯಾಲ ಎಣ್ಣೀನೇ ನೋಡ್ರಿ.

ಈ ಎರಡನ್ನ ಅದಲು ಬದಲು ಮಾತ್ರ ಮಾಡಬ್ಯಾಡ್ರಿ. ಎಣ್ಣಿ ಬಿದ್ದ ಮ್ಯಾಲ ನೀರಿನ ಪರೀಕ್ಷಾ ಮುಗೀತು, ಒಂದ್ ಹನೀನೂ ಬ್ಯಾಡ. ನೀರು ಎಣ್ಣಿಗಿಂತ ಭಾರ, ತಳಕ್ಕ ಇಳೀತೈತಿ, ಅಲ್ಲೇ ಉಗಿ ಆಗ್ತೈತಿ, ಉಗಿ ಆದ ಕೂಡ್ಲೇ ಅದರ ಗಾತ್ರ ಸುಮಾರು 1600 ಪಟ್ಟು ಹಿಗ್ಗತೈತಿ, ಹಂಗ ಹಿಗ್ಗೂ ಮುಂದ ಮ್ಯಾಲಿನ ಎಣ್ಣೀನೆಲ್ಲಾ ನಿಮ್ಮ ಮಾರಿ ಮ್ಯಾಲೆ ಎತ್ತಿ ಒಗೀತೈತಿ. ನನ್ನ ಬಲಗೈ ಮಣಿಕಟ್ಟಿನ ಮ್ಯಾಲೆ ಅವರಿಕಾಳಿನಷ್ಟು ಕಲಿ ಐತೆಲ್ಲಾ, ಅದು ಮದುವಿ ಆದ ಹೊಸತ್ರಾಗ ತೊಳದ ಮೆಣಸಿನಕಾಯಿ ಒರಸದ ಭಜಿ ಬಿಟ್ಟಿದ್ದಕ್ಕ ಬಂದಿದ್ದು. ಆವತ್ತಿಂದ ಒಲಿ ಬಾಜೂಕ ಒಂದು ಒಣ ಅರಿವಿ ಇಲ್ಲದ ನಾನು ಕಡಾಯಿ ಇಡಂಗಿಲ್ಲ.

ಹನಿ ಏನ್ ಹೇಳ್ತೈತಿ

ಖಾಲಿ ಹಂಚು, ಒಣಗಿದ್ದು, ನಡುಮಧ್ಯಮ ಉರಿ. ಬೆರಳ ತುದಿ ನೀರಾಗ ಅದ್ದಿ ಒಂದೇ ಒಂದ್ ಹನಿ ಉದುರಸ್ರಿ, ಒಂದು ಹಿಡಿ ನೀರು ಚೆಲ್ಲಿದ್ರ ಹಂಚು ತಣ್ಣಗಾಗಿ ಪರೀಕ್ಷಾನೇ ಸುಳ್ಳಾಗ್ತೈತಿ.

ಮೊದಲಿಗೆ ಹನಿ ಬಿದ್ದಲ್ಲೇ ಸುಮ್ಮನ ಕುಂದರ್ತೈತಿ, ಅಂಚಿನ್ಯಾಗ ಸಣ್ಣ ಗುಳ್ಳಿ ಬರಬಹುದು, ಅಷ್ಟ. ಇನ್ನೂ ನೀರು ಕುದಿಯೋ ಬಿಸಿನೂ ಬಂದಿಲ್ಲ (ನಮ್ಮ ಹುಬ್ಬಳ್ಳಿ ಧಾರವಾಡ ಎತ್ತರಕ್ಕ ನೀರು ಸುಮಾರು 98 ಡಿಗ್ರಿಗೇ ಕುದೀತೈತಿ, 100ಕ್ಕಲ್ಲ). ಇನ್ನೊಂದ್ ಚೂರು ಕಾಯ್ದ ಮ್ಯಾಲ ಹನಿ ಚುಂಯ್ ಅಂತ ಹಬ್ಬಿ ಕುದ್ದು ನಾಕೈದು ಎಣಸೂದ್ರಾಗ ಒಣಗ್ತೈತಿ. ಅದರ ಮುಂದ ಚರ್ ಅಂತ ಬಿದ್ದಲ್ಲೇ ಸಿಡದು ಒಂದ್ ಸೆಕೆಂಡಿನ್ಯಾಗ ಮಾಯ. ದ್ವಾಸಿ, ಥಾಲಿಪೆಟ್ಟು, ಚಪಾತಿ, ಉಳ್ಳಾಗಡ್ಡಿ ಹುರಿಯೂದು ಇವಕ್ಕೆಲ್ಲಾ ಈ ಚರ್ ಅನ್ನೂ ಮಟ್ಟ ಸಾಕು.

ಈಗ ನೋಡ್ರಿ ಹೊಸಬರು ದಾರಿ ತಪ್ಪೂ ಜಾಗ. ಇನ್ನೂ ಕಾಸಿದ್ರ, ಸುಮಾರು 200 ಡಿಗ್ರಿ ಹತ್ರ ಬಂದ್ರ, ಹನಿ ಒಣಗೂದು ಬಿಟ್ಟು ಗುಂಡಗ ಮುತ್ತಾಗಿ ಹಂಚಿನ ತುಂಬಾ ಓಡಾಡಾಕ ಶುರು ಮಾಡ್ತೈತಿ, ಪಾದರಸ ಚೆಲ್ಲಿದಂಗ. ಚರ್ ಅನ್ನೂ ಸಪ್ಪಳನೂ ಇರಂಗಿಲ್ಲ, ಅರ್ಧ ನಿಮಿಷ ಆದ್ರೂ ಹನಿ ಹಂಗೇ ಇರ್ತೈತಿ. ಹೋದ ಬ್ಯಾಚಿನ್ಯಾಗ ಒಬ್ಬಾಂವ ಇದನ್ನ ನೋಡಿ "ಕಾಕು, ನೀರು ಆರವಲ್ದು, ಹಂಚು ಇನ್ನೂ ಕಾಯ್ದಿಲ್ಲ" ಅಂತ ಉರಿ ಮತ್ತ ಜಾಸ್ತಿ ಮಾಡಿ, ಮ್ಯಾಲ ಎಣ್ಣಿ ಸುರುವಿದ, ಮನಿ ತುಂಬಾ ಹೊಗಿ, ಬಾಜೂ ಮನಿಯವ್ರು ಬಾಗಲಾ ಬಡದ್ರು. ಹನಿ ಉಳದದ್ದು ಹಂಚು ತಣ್ಣಗಿದ್ದದ್ದಕ್ಕಲ್ಲ, ವಿಪರೀತ ಕಾಯ್ದಿದ್ದಕ್ಕ. ಹನಿಯ ತಳಾ ಹಂಚಿಗೆ ಮುಟ್ಟೂಕಿಂತ ಮೊದಲೇ ಉಗಿ ಆಗಿ ಆ ಉಗಿಯ ಹಾಸಿಗಿ ಮ್ಯಾಲೆ ಉಳದ ನೀರು ತೇಲ್ತೈತಿ, ಬಿಸಿ ಅದಕ್ಕ ಸರಿಯಾಗಿ ತಾಕಂಗೇ ಇಲ್ಲ. ಲೈಡೆನ್‌ಫ್ರಾಸ್ಟ್ ಅನ್ನೂ ಜರ್ಮನ್ ಡಾಕ್ಟರ್ ಒಬ್ಬಾಂವ ಕೆಂಪಗ ಕಾಸಿದ ಕಬ್ಬಿಣದ ಚಮಚದಾಗ ಹನಿ ಬಿಟ್ಟು ನೋಡಿ 1756ರಾಗ ಇದನ್ನ ಬರದಿಟ್ಟಾನ, ಅದಕ್ಕ ಅವನ ಹೆಸರೇ ಐತಿ.

ಗೊತ್ತಾಗೂದು ಹ್ಯಾಂಗ ಅಂದ್ರ, ಸಪ್ಪಳ ಕೇಳ್ರಿ, ಸಪ್ಪಳ ಇಲ್ಲಾಂದ್ರ ಹನಿ ಏನ್ ಮಾಡ್ತೈತಿ ನೋಡ್ರಿ. ಸುಮ್ಮನ ಬಿದ್ದಲ್ಲೇ ಕುಂತ್ರ ತಣ್ಣಗೈತಿ, ಸುಮ್ಮನ ಗುಂಡಗ ಓಡಿದ್ರ ಭಾಳ ಕಾಯ್ದೈತಿ.

ಯಾವ ಪಾತ್ರಿಗೆ ಎಲ್ಲೀತನ

ಸ್ಟೀಲ್ ಪ್ಯಾನಿನ್ಯಾಗ ತತ್ತಿ, ಪನೀರು ಅಂಟ್ತಾವ ಅಂತ ಅಳೂ ಮಂದಿ ಭಾಳ. ಅವರಿಗೆ ಮಾತ್ರ ಈ ಓಡೂ ಹನಿ ಬೇಕು. ಹನಿ ಒಂದೇ ಮುತ್ತಾಗಿ ಜಾರೂ ತನಕ ಕಾಸ್ರಿ, ಆ ಹನಿ ಹೊರಗ ಚೆಲ್ಲಿ ಒಣ ಅರಿವಿಲೆ ಒರಸ್ರಿ, ಉರಿ ಸಣ್ಣ ಮಾಡ್ರಿ, ಎಣ್ಣಿ ಹಾಕ್ರಿ, ಆಮ್ಯಾಲ ತತ್ತಿ. ಹಾಕಿದ ಕೂಡ್ಲೇ ಕೆದರಬ್ಯಾಡ್ರಿ, ತಳಾ ಕೆಂಪಾದ ಮ್ಯಾಲ ತಾನೇ ಬಿಡ್ತೈತಿ.

ಬೀಡಿನ ಹಂಚಿಗೆ ಅಲ್ಲೀತನ ಹೋಗೂದು ಬ್ಯಾಡ, ಅದು ನಿಧಾನ ಕಾದು ನಿಧಾನ ಆರ್ತೈತಿ, ಒಂದ್ಸಲ ದಾಟಿತಂದ್ರ ದ್ವಾಸಿ ಹಿಟ್ಟು ಹರವೂ ಮುಂದ ಸೌಟಿಗೇ ಸುತ್ತಿಕೊಂಡು ಬರ್ತೈತಿ. ಹಂಗ ದಾಟಿದ್ರ ಚೂರು ನೀರು ಚಿಮುಕಿಸಿ ಒರಸ್ರಿ, ಖಾನಾವಳಿ ಹೋಟೆಲಿನ್ಯಾಗ ದ್ವಾಸಿ ಮಾಡಾಂವ ಪ್ರತಿ ಸಲ ನೀರು ಹೊಡದು ಕಸಬರಗಿಲೆ ಬಳೀತಾನಲ್ಲ, ಅಂವ ಪರೀಕ್ಷಾ ಮಾಡೂದಲ್ಲ, ಹಂಚಿನ ಬಿಸಿ ಇಳಸೂದು.

ನಾನ್‌ಸ್ಟಿಕ್ಕಿಗೆ ಸಣ್ಣಗ ಚುಂಯ್ ಅಂದ್ರ ಬಸ್. ಖಾಲಿ ನಾನ್‌ಸ್ಟಿಕ್ ಜೋರು ಉರಿ ಮ್ಯಾಲಿಟ್ಟು ಫೋನ್ ನೋಡ್ಕೋತ ನಿಂದರಬ್ಯಾಡ್ರಿ, 260 ಡಿಗ್ರಿ ದಾಟಿದ್ರ ಆ ಕೋಟಿಂಗ್ ಕೆಡಾಕ ಹತ್ತತೈತಿ, ಆ ಹೊಗಿನೂ ಛಲೋ ಅಲ್ಲ.

ಇಂಡಕ್ಷನ್ ಇದ್ದವರು ಒಂದು ಹನಿ ನಡುವ, ಒಂದು ಹನಿ ಅಂಚಿಗೆ ಬಿಡ್ರಿ. ನಡುವ ಹನಿ ಓಡ್ತಿರ್ತೈತಿ, ಅಂಚಿನ್ಯಾಗಿಂದು ಸುಮ್ಮನ ಕುಂತಿರ್ತೈತಿ. ಅಂದ್ರ ಉರಿ ಕಡಿಮಿ ಮಾಡಿ ಇನ್ನೂ ಎರಡ್ ನಿಮಿಷ ತಡೀರಿ.

ಎಣ್ಣಿ ಏನ್ ಹೇಳ್ತೈತಿ

ಒಂದು ಚಮಚ ಎಣ್ಣಿ ಹಾಕಿ ಪ್ಯಾನ್ ವಾಲಿಸಿ ನೋಡ್ರಿ. ತಣ್ಣನ ಎಣ್ಣಿ ಕಾಕಂಬಿ ಹಂಗ ಸಾವಕಾಶ ಹರೀತೈತಿ. ಬಿಸಿ ಆದಂಗ ತೆಳ್ಳಗಾಗಿ ನೀರಿನಂಗ ಓಡ್ತೈತಿ. ಆಮ್ಯಾಲ ಮ್ಯಾಲಿನ ಮೈಯಾಗ ಸಣ್ಣ ಸಣ್ಣ ಅಲಿ, ಗೆರಿ ಗೆರಿ ಮೂಡಿ ಮಿನಗ್ತಾವ. ಬ್ಯಾಸಗ್ಯಾಗ ಮಧ್ಯಾಹ್ನ ಗದಗ ರೋಡಿನ್ಯಾಗ ಹೊಂಟಾಗ ಮುಂದ ಡಾಂಬರ ಮ್ಯಾಲೆ ಗಾಳಿ ನಡುಗಿದಂಗ ಕಾಣ್ತೈತೆಲ್ಲಾ, ಹಂಗ. ತಳದ ಎಣ್ಣಿ ಬಿಸಿಯಾಗಿ ಮ್ಯಾಲೆ ಬರ್ತೈತಿ, ಮ್ಯಾಲಿಂದು ಕೆಳಗ ಹೋಗ್ತೈತಿ, ಬಿಸಿ ಎಣ್ಣಿ ತಣ್ಣನ ಎಣ್ಣಿ ಬೆಳಕನ್ನ ಬ್ಯಾರೆ ಬ್ಯಾರೆ ಬಗ್ಗಸ್ತಾವ, ಅದಕ್ಕ ಆ ಮಿನುಗು. ಲೈಟು ಹಿಂದಿಂದ ಬೀಳೂ ಹಂಗ ಸ್ವಲ್ಪ ಬಗ್ಗಿ ನೋಡ್ರಿ, ನೇರ ಮ್ಯಾಲಿಂದ ನೋಡಿದ್ರ ಕಾಣಂಗಿಲ್ಲ. ಮಾರಿ ಮಾತ್ರ ಹತ್ರ ಒಯ್ಯಬ್ಯಾಡ್ರಿ.

ಮಿನುಗಿತು ಅಂದ್ರ ಹಾಕ್ರಿ, ತಡಾ ಮಾಡಬ್ಯಾಡ್ರಿ. ಅಲ್ಲಿಂದ ಹೊಗಿಗೆ ಭಾಳ ದೂರ ಇಲ್ಲ. ಎಣ್ಣಿ ಮ್ಯಾಲಿಂದ ತೆಳ್ಳನ ನೀಲಿ ಹೊಗಿ ಎಳಿ ಎದ್ರ ದಾಟೈತಿ, ಗ್ಯಾಸ್ ಬಂದ್ ಮಾಡಿ ತಡೀರಿ.

ಆದ್ರ ಎಲ್ಲಾ ಎಣ್ಣಿ ಒಂದೇ ಅಲ್ಲ. ರಿಫೈಂಡ್ ಶೇಂಗಾ, ಸೂರ್ಯಕಾಂತಿ ಸುಮಾರು 230 ಡಿಗ್ರಿ ತನಕ ತಡೀತಾವ. ಗಾಣದ ಶೇಂಗಾ ಎಣ್ಣಿ 160ರ ಆಸುಪಾಸಿಗೇ ಹೊಗಿ ಬಿಡಾಕ ಶುರು, ನಮ್ಮ ಕಡೆ ಗಾಣದ ಕುಸುಬಿ ಎಣ್ಣಿ ಅದಕ್ಕಿಂತ ಲಗೂನ. ಊರಿಂದ ಅಮ್ಮ ಕಳಿಸಿದ ಕುಸುಬಿ ಎಣ್ಣೀನ ಮುತ್ತು ಓಡೂ ಹಂಗ ಕಾಸಿದ ಸ್ಟೀಲ್ ಪ್ಯಾನಿಗೆ ಸುರುವಿದ್ರ ಮಿನುಗು ನೋಡೂದ್ರಾಗ ಹೊಗಿ ಎದ್ದಿರ್ತೈತಿ, ಆ ಎಣ್ಣಿ ತಪ್ಪಲ್ಲ, ನಿಮ್ಮ ಉರಿ ತಪ್ಪು. ಅದನ್ನ ಒಗ್ಗರಣಿಗೆ, ಚಟ್ನಿಪುಡಿ ಮ್ಯಾಲ ಹಾಕ್ಕೊಳ್ಳಾಕ ಇಟ್ಕೋರಿ, ಕರಿಯಾಕ ರಿಫೈಂಡ್ ಹಾಕ್ರಿ ಅನ್ನೂದು ನನ್ನ ಅಭಿಪ್ರಾಯ, ನಮ್ಮತ್ತಿ ಒಪ್ಪಂಗಿಲ್ಲ.

ಒಗ್ಗರಣಿಗೆ ಎರಡು ಕಾಳು ಸಾಸಿವಿ ಮೊದಲು ಒಗೀರಿ. ಸಿಡದ್ರ ಉಳದದ್ದು ಹಾಕ್ರಿ. ಇದಕ್ಕ ಇನ್ನೇನೂ ಹೇಳೂದಿಲ್ಲ.

ಭಜಿ ಕಡಾಯಿ

ಆಳದ ಎಣ್ಣ್ಯಾಗ ಮಿನುಗು ಅಷ್ಟು ಸರಿ ಕಾಣಂಗಿಲ್ಲ, ಅಲ್ಲಿ ಹಿಟ್ಟು ಕೇಳ್ರಿ. ಕಡ್ಲಿ ಹಿಟ್ಟಿಂದು ಒಂದು ಹನಿ ಬಿಡ್ರಿ. ಮುಳುಗಿ ತಳದಾಗೇ ಕುಂತ್ರ ಇನ್ನೂ ಕಾಯ್ದಿಲ್ಲ, ಈಗ ಮಿರ್ಚಿ ಬಿಟ್ರ ಎಣ್ಣಿ ಕುಡದು ಕೈಗೆಲ್ಲಾ ಜಿಡ್ಡು. ಮುಳುಗಿ, ಸುತ್ತ ಗುಳ್ಳಿ ಬಿಟ್ಕೋತ ಎರಡ್ಮೂರು ಸೆಕೆಂಡಿಗೆ ಮ್ಯಾಲೆದ್ರ ಬರೋಬ್ಬರಿ, 170 ರಿಂದ 180 ಡಿಗ್ರಿ ನಡುವ ಇರ್ತೈತಿ. ಬಿದ್ದ ಕೂಡ್ಲೇ ಎದ್ದು ಕೆಂಪಾದ್ರ ಮಿರ್ಚಿ ಹೊರಗ ಕರ್ರಗ, ಒಳಗ ಹಿಟ್ಟು ಹಸಿ. ಹಿಟ್ಟು ಇಲ್ಲದಾಗ ಒಣಗಿದ ಮರದ ಸೌಟಿನ ಹಿಡಿ ತುದಿ ಎಣ್ಣ್ಯಾಗ ಅದ್ದಿದ್ರ ಸುತ್ತ ಸಣ್ಣ ಗುಳ್ಳಿ ಒಂದೇ ಸಮ ಬರಬೇಕು, ಮರ ಒದ್ದಿ ಇದ್ರ ಅದೂ ನೀರು ಇದ್ದಂಗ, ನೆನಪಿಡ್ರಿ.

ಒಮ್ಮೆ ಸರಿ ಇತ್ತು ಅಂತ ಹತ್ತು ಮಿರ್ಚಿ ಒಟ್ಟಿಗೇ ಬಿಟ್ರ ಎಣ್ಣಿ ತಣ್ಣಗಾಗಿ ಗುಳ್ಳಿ ನಿಂತು ಹೋಗ್ತಾವ. ಮನಿ ಕಡಾಯಿಗೆ ನಾಕು, ಭಾಳ ಅಂದ್ರ ಐದು. ಒಂದು ಘಾಣ ತಗದ ಮ್ಯಾಲ ಮತ್ತ ಹಿಟ್ಟಿನ ಹನಿ ಬಿಟ್ಟು ನೋಡೇ ಎರಡನೇ ಘಾಣ. ಬ್ಯಾಡಗಿ ಮೆಣಸಿನಕಾಯಿ ಅಲ್ಲ, ಭಜಿಗೆ ಹಸಿರು ಉದ್ದನ್ನ ದಪ್ಪ ಮೆಣಸಿನಕಾಯಿ (ಇದನ್ನೂ ಒಬ್ರು ಕೇಳಿದ್ರು, ನಕ್ಕಿಲ್ಲ ನಾನು).

ಕೆಟ್ಟು ಹೋದ್ರ

ಎಣ್ಣಿಗೆ ಬೆಂಕಿ ಹತ್ತಿದ್ರ: ಗ್ಯಾಸ್ ಬಂದ್ ಮಾಡ್ರಿ, ಸ್ಟೀಲ್ ಮುಚ್ಚಳ ಇಲ್ಲಾಂದ್ರ ಪರಾತ ಬಾಜೂಲಿಂದ ಜಾರಿಸಿ ಮುಚ್ಚರಿ, ಪೂರಾ ತಣ್ಣಗಾಗೂ ತನಕ ತಗೀಬ್ಯಾಡ್ರಿ. ನೀರು ಹಾಕಬ್ಯಾಡ್ರಿ. ಕಡಾಯಿ ಎತ್ತಿ ಹೊರಗ ಓಡಬ್ಯಾಡ್ರಿ. ಮುಚ್ಚಿದ್ರೂ ಆರಲಿಲ್ಲಂದ್ರ ಬಾಗಲಾ ಎಳಕೊಂಡು ಹೊರಗ ಬಂದು 101ಕ್ಕ ಫೋನ್ ಹಚ್ಚರಿ.

ಕೈ ಸುಟ್ರ 20 ನಿಮಿಷ ಹರಿಯೂ ತಣ್ಣೀರು. ನಮ್ಮೂರಾಗ ನಳ ಯಾವತ್ತು ಬರ್ತೈತೋ ಗೊತ್ತಿಲ್ಲದ್ದಕ್ಕ ಬಕೀಟಿನ ನೀರು ತಂಬಿಗಿಲೆ ಸುರುವಿಕೋತ ಇರ್ರಿ, ಐಸ್ ಬ್ಯಾಡ, ಟೂತ್‌ಪೇಸ್ಟ್ ಅರಿಷಿಣ ಏನೂ ಹಚ್ಚಬ್ಯಾಡ್ರಿ. ಗುಳ್ಳಿ ದೊಡ್ಡದಾದ್ರ, ಇಲ್ಲಾ ಮಾರಿ ಕಣ್ಣಿಗೆ ಸಿಡದ್ರ ದವಾಖಾನಿ.

ಮುಂದಿನ ಭಾನುವಾರ ಮುಂಜಾನೆ 10ಕ್ಕ ಬರೂ ಮುಂದ ನೀವು ದಿನಾ ಬಳಸೂ ಪ್ಯಾನ್ ತರ್ರಿ, ಹೊಸಾದು ಕೊಂಡು ತರಬ್ಯಾಡ್ರಿ. ಅಷ್ಟ್ರಾಗ ಮನ್ಯಾಗ ಮೂರು ಸಲ ಖಾಲಿ ಪ್ಯಾನ್ ಕಾಸಿ (ನಾನ್‌ಸ್ಟಿಕ್ ಬಿಟ್ಟು) ಅರ್ಧ ಅರ್ಧ ನಿಮಿಷಕ್ಕ ಒಂದು ಹನಿ ಬಿಟ್ಟು, ಚರ್ ಅಂದದ್ದು ಎಷ್ಟನೇ ಹನಿಗೆ, ಓಡಿದ್ದು ಎಷ್ಟನೇ ಹನಿಗೆ ಅಂತ ಈ ಹಾಳಿ ಹಿಂದ ಬರಕೊಂಡು ಬರ್ರಿ. ಒಬ್ಬೊಬ್ಬರದು ಒಂದೊಂದು ಲೆಕ್ಕ ಬರ್ತೈತಿ, ಅವನ್ನ ಒಟ್ಟಿಗಿಟ್ಟು ನೋಡಿದ ಮ್ಯಾಲೇ ಮಿರ್ಚಿ ಬಿಡೂದು.