ಹೊಸ ಬ್ಯಾಚಿಗೆ ಎಚ್‌ಆರ್ ಮುಖ್ಯಸ್ಥರ ಇಂಡಕ್ಷನ್ ಮಾತು

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

ನೀವು 38 ಜನ. ಬಿಇ ಮುಗಿಸಿದವರು 10, ಡಿಪ್ಲೊಮಾ 22, ಐಟಿಐ ಟರ್ನರ್ ಮತ್ತು ಫಿಟ್ಟರ್ 6. ಒಂಬತ್ತು ಹೆಣ್ಣುಮಕ್ಕಳಿದ್ದೀರಿ. ಶಿರಾ, ಪಾವಗಡ, ತಿಪಟೂರಿನವರೇ ಹೆಚ್ಚು; ನಾಲ್ವರು ಗದಗದ ಕಡೆಯವರು, ಅವರಿಗೆ ಮೊದಲ ತಿಂಗಳು ಕಂಪನಿ ಹಾಸ್ಟೆಲ್ ಇದೆ.

ನಮ್ಮ ಕೆಲಸ ಟ್ರ್ಯಾಕ್ಟರ್, ಲಾರಿಗಳ ವೀಲ್ ಹಬ್, ಬ್ರೇಕ್ ಡ್ರಮ್, ಬೇರಿಂಗ್ ಹೌಸಿಂಗ್. ಎರಕ ಇಲ್ಲಿ ಆಗಲ್ಲ. ಫೌಂಡ್ರಿಯಿಂದ ಕಾಸ್ಟಿಂಗ್ ಬರುತ್ತೆ, ಸಿಎನ್‌ಸಿ ಲೇತು, ವಿಎಂಸಿಗಳಲ್ಲಿ ಮೆಷಿನಿಂಗ್ ಮಾಡಿ, ತೊಳೆದು, ಅಳೆದು ಕಳಿಸ್ತೀವಿ. 1998ರಲ್ಲಿ ಪೀಣ್ಯದ ಒಂದು ಶೆಡ್ಡಿನಲ್ಲಿ ನಾಲ್ಕು ಲೇತಿನಿಂದ ಶುರುವಾಗಿದ್ದು. 2015ರಲ್ಲಿ ವಸಂತನರಸಾಪುರಕ್ಕೆ ಬಂದ್ವಿ. ಈಗ 86 ಮೆಷಿನ್, 410 ಜನ, ಮೂರು ಶಿಫ್ಟ್.

ಹಬ್ಬಿನಲ್ಲಿ ಬೇರಿಂಗ್ ಕೂರುವ ಬೋರಿಗೆ ಒಟ್ಟು 30 ಮೈಕ್ರಾನ್ ಟಾಲರೆನ್ಸ್. ತಲೆಗೂದಲಿನ ದಪ್ಪವೇ ಸುಮಾರು 70. ಆಗಷ್ಟೇ ಚಕ್ಕಿನಿಂದ ಬಿಚ್ಚಿದ ಪೀಸು ಬಿಸಿಗೆ ಹಿಗ್ಗಿರುತ್ತೆ: 100 ಮಿ.ಮೀ. ಬೋರು 10 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಸುಮಾರು 10 ಮೈಕ್ರಾನ್ ದೊಡ್ಡದಾಗಿ ತೋರಿಸುತ್ತೆ. ಆಗ ಓಕೆ ಅಂತ ಬರೆದದ್ದು ತಣ್ಣಗಾದ ಮೇಲೆ ಅಂಡರ್‌ಸೈಜ್. ಅನುಮಾನ ಬಂದ ಪೀಸು ಕೆಂಪು ಬಿನ್ನಿಗೆ ಹೋಗಲಿ, ಟ್ಯಾಗ್ ಹಾಕಿ, ಲೈನ್ ಸೂಪರ್‌ವೈಸರ್‌ಗೆ ಹೇಳಿ. ರಿಜೆಕ್ಷನ್ ಆಯ್ತು ಅಂತ ಟ್ರೇನಿಯನ್ನ ಯಾರೂ ಮನೆಗೆ ಕಳಿಸಲ್ಲ. ಕೆಟ್ಟ ಪೀಸನ್ನ ಒಳ್ಳೇದರ ಜೊತೆ ಬೆರೆಸಿಟ್ಟರೆ ಮಾತ್ರ ಇಡೀ ಲಾಟು ತಿರುಗಿ ಬರುತ್ತೆ, ಆಗ ನಾನೂ ನಿಮ್ಮ ಪರ ಮಾತಾಡಲಾರೆ.

ಈಗ ದಾಖಲೆ ವಿಷಯ. ಇದಕ್ಕೇ ಅರ್ಧ ದಿನ ಹೋಗುತ್ತೆ, ಬೇಸರ ಮಾಡ್ಕೋಬೇಡಿ. ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಸ್’, ಆಧಾರಿನಲ್ಲಿ ‘ಮಂಜುನಾಥ ಶಿವಣ್ಣ’, ಪ್ಯಾನಿನಲ್ಲಿ ಇನ್ನೊಂದು. ನಮ್ಮ ಕಡೆ ಇನಿಷಿಯಲ್ಲಿನ ಈ ಗೋಳು ಮನೆಮನೆಯದ್ದು. ಪಿಎಫ್ ಖಾತೆಯಲ್ಲಿ ಆಧಾರಿನಲ್ಲಿ ಇದ್ದ ಹಾಗೇ ಹೆಸರು, ಹುಟ್ಟಿದ ದಿನ ಇರಬೇಕು. ಇಲ್ಲದಿದ್ದರೆ ಮುಂದೆ ಹಣ ತೆಗೆಯೋವಾಗ ಕ್ಲೇಮ್ ವಾಪಸ್ ಬರುತ್ತೆ. ವ್ಯತ್ಯಾಸ ಇದ್ದವರು ಇವತ್ತೇ ನಮ್ಮ ಡೆಸ್ಕಿಗೆ ಹೇಳಿ. ಮೊದಲು ಎಲ್ಲಾದರೂ ಕೆಲಸ ಮಾಡಿದ್ದರೆ ಹಳೇ ಪಿಎಫ್‌ನ ಯುಎಎನ್ ನಂಬರ್ ಕೊಡಿ, ‘ಇಲ್ಲ’ ಅಂತ ಬರೆದು ಎರಡನೇದು ಹುಟ್ಟಿಸಬೇಡಿ.

ಬ್ಯಾಂಕ್ ಪಾಸ್‌ಬುಕ್ ನೋಡ್ಕೊಳ್ಳಿ. ಸಿಂಡಿಕೇಟ್ ಬ್ಯಾಂಕ್ 2020ರಲ್ಲೇ ಕೆನರಾ ಸೇರಿದೆ, ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾ ಸೇರಿದೆ. ಹಳೇ ಐಎಫ್‌ಎಸ್‌ಸಿ ಬರೆದರೆ ಸಂಬಳ ಹೋಗಿ ಹಾಗೇ ವಾಪಸ್ ಬರುತ್ತೆ. ಬ್ರಾಂಚಿಗೆ ಹೋಗಿ ಹೊಸ ಕೋಡ್ ತಂದುಕೊಡಿ.

ಹಾಜರಿ ಲೆಕ್ಕ ಹಿಂದಿನ 26ರಿಂದ ಈ 25ರವರೆಗೆ. ಇವತ್ತು 1ನೇ ತಾರೀಖು, ಹಾಗಾಗಿ ಮೊದಲ ಸಂಬಳ 25 ದಿನದ್ದೇ. ‘ಸರ್, ಕಟ್ ಮಾಡಿದ್ದಾರೆ’ ಅಂತ ಪ್ರತಿ ಬ್ಯಾಚೂ ಬರುತ್ತೆ, ಅದಕ್ಕೇ ಮೊದಲೇ ಹೇಳ್ತಿದೀನಿ. ಪಿಎಫ್‌ಗೆ ಬೇಸಿಕ್ ಮತ್ತು ಡಿಎ ಮೇಲೆ 12% ನಿಮ್ಮಿಂದ, 12% ಕಂಪನಿಯಿಂದ. ಡಿಪ್ಲೊಮಾ, ಐಟಿಐನವರ ಸಂಬಳ 21,000ದ ಒಳಗಿರೋದರಿಂದ ಇಎಸ್‌ಐ ಇದೆ, ನಿಮ್ಮ ಪಾಲು 0.75%. ಅಪ್ಪ-ಅಮ್ಮನ ಆಧಾರ್ ಕೊಡಿ. ಅವರು ನಿಮ್ಮನ್ನೇ ಅವಲಂಬಿಸಿದ್ದರೆ ಅವರಿಗೂ ಚಿಕಿತ್ಸೆ ಸಿಗುತ್ತೆ. ಗೇಟಿನಲ್ಲಿ ಬರೋವಾಗ, ಹೋಗೋವಾಗ ಎರಡೂ ಸಲ ಪಂಚ್ ಮಾಡಿ. ಮರೆತರೆ ಎರಡು ದಿನದೊಳಗೆ ಸೂಪರ್‌ವೈಸರ್ ಸಹಿ ಮಾಡಿಸಿ.

ಈ ವಾರ ಯಾರೂ ಮೆಷಿನ್ ಮುಟ್ಟಬೇಡಿ. ಇವತ್ತು ಮೆಡಿಕಲ್: ಕಣ್ಣು, ಕಿವಿ, ರಕ್ತ. ನಾಳೆ ಇಡೀ ದಿನ ಸೇಫ್ಟಿ. ತಿರುಗೋ ಸ್ಪಿಂಡಲ್ ಹತ್ತಿರ ಗ್ಲೌಸ್ ಹಾಕಬಾರದು ಅಂದರೆ ಹಲವರಿಗೆ ಆಶ್ಚರ್ಯ. ನೂಲಿನ ಎಳೆ ಸಿಕ್ಕರೆ ಕೈಯನ್ನೇ ಎಳ್ಕೊಳ್ಳುತ್ತೆ, ಬಿಡಿಸ್ಕೊಳ್ಳೋಕೆ ಸಮಯ ಸಿಗಲ್ಲ. ಕಾಸ್ಟಿಂಗ್ ಎತ್ತೋವಾಗ ಗ್ಲೌಸ್ ಬೇಕು, ಮೆಷಿನ್ ಮುಂದೆ ಬೇಡ. ಉಂಗುರ, ಕಡಗ, ಕೈಗೆ ಕಟ್ಟಿದ ದೇವಸ್ಥಾನದ ದಾರ ತೆಗೆಯಬೇಕು. ದಾರ ತೆಗೆಯೋಕೆ ಮನಸ್ಸಾಗದವರು ಹೇಳಿ, ಬೇರೆ ಸೆಕ್ಷನ್ ನೋಡೋಣ. ಲೋಹದ ಚಿಪ್ಸ್ ತೆಗೆಯೋಕೆ ಹುಕ್ ಇದೆ, ಬೆರಳಲ್ಲ. ಜಡೆ ಒಳಗೆ, ಕ್ಯಾಪ್ ಮೇಲೆ. ಬುಧವಾರ, ಗುರುವಾರ ವರ್ನಿಯರ್, ಮೈಕ್ರೊಮೀಟರ್, ಬೋರ್ ಗೇಜ್, ಡ್ರಾಯಿಂಗ್ ಓದೋದು. ಶುಕ್ರವಾರ ಲೈನಿನಲ್ಲಿ ಒಬ್ಬ ಹಿರಿಯ ಆಪರೇಟರ್ ಪಕ್ಕ ನಿಂತು ನೋಡೋದು. ಶನಿವಾರ 40 ಅಂಕದ ಟೆಸ್ಟ್. 28 ಬಂದರೆ ಪಾಸ್, ಕಮ್ಮಿ ಬಂದವರಿಗೆ ಸೋಮವಾರ ಮತ್ತೆ. ಮೊದಲ ತಿಂಗಳು ಜನರಲ್ ಶಿಫ್ಟ್, ಆಮೇಲೆ ಶಿಫ್ಟ್ ರೊಟೇಶನ್.

ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇದೆ, ಸದಸ್ಯರ ಹೆಸರು ಕ್ಯಾಂಟೀನ್ ಬೋರ್ಡಿನಲ್ಲಿವೆ. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಬರೆಯೋಕೆ ಕಷ್ಟವಾದರೆ ಸಮಿತಿಯವರೇ ಸಹಾಯ ಮಾಡ್ತಾರೆ. ನನ್ನ ಮೂಲಕ ಬರಬೇಕಾಗಿಲ್ಲ.

ಈಗ ಮೊದಲ ಎರಡು ಸಾಲಿನವರು ಮೆಡಿಕಲ್ ರೂಮಿಗೆ ಹೋಗಿ. ಉಳಿದವರು ಸ್ಟೋರಿನಲ್ಲಿ ಸೇಫ್ಟಿ ಶೂ ಹಾಕಿ ನೋಡಿ. ದಪ್ಪ ಕಾಲುಚೀಲ ಹಾಕ್ಕೊಂಡೇ ಸೈಜ್ ಆರಿಸಿ, ಆಮೇಲೆ ಬದಲಾಯಿಸಿಕೊಡಲ್ಲ.