ಹೊಳೆಕೊಪ್ಪದ ಬೇಸಿಗೆ ನೀರು: ಒಂಬತ್ತನೇ ತರಗತಿಗೆ ಪಾತ್ರಾಭಿನಯದ ಪಾಠಯೋಜನೆ

ವಿಷಯ: ಸಮಾಜ ವಿಜ್ಞಾನ. ತರಗತಿ: ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿ, 34 ವಿದ್ಯಾರ್ಥಿಗಳು. ಅವಧಿ: ತಲಾ 40 ನಿಮಿಷಗಳ ಮೂರು ಪಿರಿಯಡ್‌ಗಳು, ಮೂರನೆಯದು ದಿನದ ಕೊನೆಯ ಪಿರಿಯಡ್ ಆಗಿದ್ದರೆ ಅನುಕೂಲ.

ಉದ್ದೇಶ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಎಂಬುದು ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದು ಹರಿದುಹೋಗುವುದರಿಂದ, ಏಪ್ರಿಲ್ ಬರುವಷ್ಟರಲ್ಲಿ ಇದೇ ಮಲೆನಾಡಿನಲ್ಲಿ ಹಳ್ಳಗಳು ಸೊರಗಿ ಬಾವಿಗಳ ತಳ ಕಾಣುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ನೀರನ್ನು ಯಾರಿಗೆ ಎಷ್ಟು ಕೊಡಬೇಕೆಂದು ನಿರ್ಧರಿಸುವುದು ಸ್ಥಳೀಯ ಆಡಳಿತದ ಅತ್ಯಂತ ಕಠಿಣ ಕೆಲಸಗಳಲ್ಲಿ ಒಂದು. 1992ರ 74ನೇ ಸಂವಿಧಾನ ತಿದ್ದುಪಡಿಯು ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ಗೃಹ, ಕೈಗಾರಿಕೆ ಮತ್ತು ವಾಣಿಜ್ಯ ಬಳಕೆಯ ನೀರು ಸರಬರಾಜು ನಗರ ಸ್ಥಳೀಯ ಸಂಸ್ಥೆಗಳ ವಿಷಯವಾಗಿ ಸೇರಿದೆ ಎಂಬುದನ್ನು ಓದಿ ಬರೆಯುವುದು ಸುಲಭ. ಆ ಸಾಲಿನ ಭಾರ ಎಷ್ಟೆಂದು ತಿಳಿಯಬೇಕಾದರೆ ಮಕ್ಕಳು ಸಭೆಯಲ್ಲಿ ಕುಳಿತು ತಮ್ಮ ಪಾಲಿನಿಂದ ಏನನ್ನಾದರೂ ಬಿಟ್ಟುಕೊಡಬೇಕು. ಈ ಪಾಠದಲ್ಲಿ ಲೆಕ್ಕ ಎಲ್ಲರಿಗೂ ಸಾಲದಂತೆ ಉದ್ದೇಶಪೂರ್ವಕವಾಗಿ ಇಡಲಾಗಿದೆ.

ಸನ್ನಿವೇಶ (ಎಲ್ಲರಿಗೂ ಓದಿ ಹೇಳಬೇಕಾದದ್ದು)

"ಹೊಳೆಕೊಪ್ಪವು 14,000 ಜನರಿರುವ ಒಂದು ಪಟ್ಟಣ. ಇದು ನಮ್ಮ ಪಾಠಕ್ಕಾಗಿ ಕಲ್ಪಿಸಿಕೊಂಡ ಊರು. ತುಂಗಾ ನದಿಯನ್ನು ಸೇರುವ ಒಂದು ಹಳ್ಳಕ್ಕೆ ಒಡ್ಡು ಕಟ್ಟಿ, ಜಾಕ್‌ವೆಲ್‌ನಿಂದ ಊರಿಗೆ ನೀರೆತ್ತಲಾಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಈ ಹಳ್ಳದಲ್ಲಿ ದಿನಕ್ಕೆ 30 ಲಕ್ಷ ಲೀಟರ್ ನೀರು ಮಾತ್ರ ಇರುತ್ತದೆ. ಊರಿನ ಮನೆಗಳಿಗೆ 19 ಲಕ್ಷ, ಹಳ್ಳದ ದಂಡೆಯ 120 ಎಕರೆ ಅಡಿಕೆ ತೋಟಗಳಿಗೆ 13 ಲಕ್ಷ, ವಸತಿಗೃಹ, ಹೋಟೆಲ್ ಮತ್ತು ಕಲ್ಯಾಣ ಮಂಟಪಗಳಿಗೆ 2 ಲಕ್ಷ, ಒಡ್ಡಿನ ಕೆಳಗಿನ ದೇವರ ಮೀನುಗಳ ಗುಂಡಿಗೆ 5 ಲಕ್ಷ, ಕೆಳಗಿನ ಹಳ್ಳಿಗೆ 2 ಲಕ್ಷ ಲೀಟರ್ ಬೇಕೆಂಬ ಬೇಡಿಕೆ ಬಂದಿದೆ. ಒಟ್ಟು 41 ಲಕ್ಷ. ಪಟ್ಟಣ ಪಂಚಾಯಿತಿ ಬೇಸಿಗೆಯ ನೀರಿನ ನೀತಿಯನ್ನು ನಿರ್ಧರಿಸಲು ಸಭೆ ಕರೆದಿದೆ."

ಮನೆಗಳ ಅಂಕಿ ಎಲ್ಲಿಂದ ಬಂತೆಂದು ಮಕ್ಕಳೇ ಕಪ್ಪುಹಲಗೆಯ ಮೇಲೆ ಬಿಡಿಸಲಿ. ಒಳಚರಂಡಿ ವ್ಯವಸ್ಥೆಯಿರುವ ಪಟ್ಟಣಗಳಿಗೆ ತಲಾ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದ್ದು, ಅದನ್ನು 14,000ದಿಂದ ಗುಣಿಸಿದರೆ ಸುಮಾರು 19 ಲಕ್ಷವಾಗುತ್ತದೆ. ತೋಟದ ಲೆಕ್ಕವೂ ಹಾಗೆಯೇ: ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು, ಎಕರೆಗೆ ಸುಮಾರು 550 ಮರಗಳೆಂದರೆ, 20 ಲೀಟರಿನಂತೆ ಎಕರೆಗೆ 11,000 ಲೀಟರ್. ಒಂದು ಎಕರೆ ತೋಟಕ್ಕೆ ಬೇಕಾದ ನೀರು ಪಟ್ಟಣದ 81 ಜನರ ದಿನದ ಪಾಲಿಗೆ ಸಮ ಎಂಬ ಉತ್ತರ ಹಲಗೆಯ ಮೇಲೆ ಬಂದಾಗ ತರಗತಿ ಒಮ್ಮೆ ತೋಟದವರ ವಿರುದ್ಧ ತಿರುಗಬಹುದು. ಆಗ ಶಿಕ್ಷಕರು ತೀರ್ಪು ಹೇಳದೆ, ತೋಟದ ಗುಂಪಿಗೆ ಮಾತನಾಡಲು ಅವಕಾಶ ಕೊಡಬೇಕು.

ಗುಂಪುಗಳು

ಪಟ್ಟಣ ಪಂಚಾಯಿತಿಯ ಗುಂಪಿನಲ್ಲಿ ಅಧ್ಯಕ್ಷರು, ಮುಖ್ಯಾಧಿಕಾರಿ, ನೀರುಗಂಟಿ ಮತ್ತು ಒಬ್ಬ ಸದಸ್ಯರು ಸೇರಿ ನಾಲ್ವರು. ಉಳಿದ ಐದು ಗುಂಪುಗಳಲ್ಲಿ ತಲಾ ಆರು ಜನ: ಅಡಿಕೆ ಬೆಳೆಗಾರರು, ಗುಡ್ಡದ ಮೇಲಿನ ಬಡಾವಣೆಯ ನಿವಾಸಿಗಳು, ಇವರಿಗೆ ನೀರಿನ ಒತ್ತಡ ಸಾಲದೆ ಕೊಳಾಯಿ ತುಂಬುವುದೇ ಕೊನೆಯಲ್ಲಿ, ವಸತಿಗೃಹ ಮತ್ತು ಕಲ್ಯಾಣ ಮಂಟಪದವರು, ಹಳ್ಳ ಮತ್ತು ಮೀನುಗಳ ಪರ ನಿಲ್ಲುವವರು, ಕೆಳಗಿನ ಹಳ್ಳಿಯವರು. ಗುಂಪು ಹಂಚುವಾಗ ಒಂದು ನಿಯಮವನ್ನು ಬಿಡದೆ ಪಾಲಿಸಬೇಕು: ತೋಟವಿರುವ ಮನೆಯ ಮಕ್ಕಳನ್ನು ಬೆಳೆಗಾರರ ಗುಂಪಿಗೆ ಹಾಕಬಾರದು. ಮನೆಯಲ್ಲಿ ಕೇಳಿದ ಮಾತನ್ನೇ ಇಲ್ಲಿ ಮತ್ತೆ ಆಡಿದರೆ ಪಾಠದಿಂದ ಪ್ರಯೋಜನವಿಲ್ಲ.

ಮೀನುಗಳ ಪರ ಮಾತನಾಡುವವರನ್ನು ಇತರರು ಹಗುರವಾಗಿ ಕಾಣುವ ಸಾಧ್ಯತೆ ಇದೆ. ತೀರ್ಥಹಳ್ಳಿಯ ಹತ್ತಿರ ತುಂಗೆಯ ಚಿಬ್ಬಲಗುಡ್ಡೆಯ ಮತ್ಸ್ಯಧಾಮವನ್ನು ನೋಡಿದ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಅಂಥವರಲ್ಲಿ ಇಬ್ಬರನ್ನಾದರೂ ಈ ಗುಂಪಿಗೆ ಸೇರಿಸಿ.

ಪಾತ್ರಚೀಟಿಗಳು

ಪ್ರತಿ ಗುಂಪಿಗೂ ಒಂದು ಚೀಟಿ ಕೊಡಬೇಕು ಮತ್ತು ಅದನ್ನು ಬೇರೆ ಗುಂಪಿನವರು ನೋಡಬಾರದು. ಬೆಳೆಗಾರರ ಚೀಟಿ ಹೀಗಿದೆ:

"ನೀವು ಸಣ್ಣ ಹಿಡುವಳಿದಾರರು. ಏಪ್ರಿಲ್‌ನಲ್ಲಿ ನೀರು ತಪ್ಪಿದರೆ ಹರಳು ಉದುರುತ್ತದೆ. ಮರವೇ ಒಣಗಿದರೆ ಹೊಸ ಸಸಿ ಫಲ ಕೊಡಲು ವರ್ಷಗಳೇ ಬೇಕು. ನೀವು ಬಿಡಲಾರದ್ದು: ಒಂದು ವಾರ ಪೂರ್ತಿ ನೀರಿಲ್ಲದಂತೆ ಆಗಬಾರದು ಎಂಬ ಷರತ್ತು. ನೀವು ಬಿಟ್ಟುಕೊಡಬಹುದಾದದ್ದು: ಮರಕ್ಕೆ 20 ಲೀಟರ್ ಬದಲು 16 ಲೀಟರ್, ಇದಕ್ಕೆ ಪ್ರತಿಯಾಗಿ ನಿಮಗೆ ಏನಾದರೂ ಸಿಗಬೇಕು. ನಿಮ್ಮಲ್ಲಿ ಕೆಲವರು ಇನ್ನೂ ಸ್ಪ್ರಿಂಕ್ಲರ್‌ನಿಂದಲೇ ನೀರು ಹಾಯಿಸುತ್ತಾರೆ. ಕೇಳಿದರೆ ಸುಳ್ಳು ಹೇಳಬೇಡಿ. ಕೇಳುವವರೆಗೆ ನೀವಾಗಿ ಹೇಳಬೇಕಿಲ್ಲ."

ಉಳಿದ ಚೀಟಿಗಳಲ್ಲಿಯೂ ಇದೇ ರೀತಿ ಒಂದು ಬಿಡಲಾರದ ಅಂಶ, ಒಂದು ಬಿಡಬಹುದಾದ ಅಂಶ ಮತ್ತು ಕೇಳಿದರೆ ಮಾತ್ರ ಹೇಳುವ ಒಂದು ಸಂಗತಿ ಇರಲಿ. ಪಂಚಾಯಿತಿಯ ಚೀಟಿಯ ಸಂಗತಿ ಎಲ್ಲಕ್ಕಿಂತ ಮುಖ್ಯವಾದುದು: ಮನೆಗಳಿಗೆಂದು ಎತ್ತುವ 19 ಲಕ್ಷ ಲೀಟರಿನಲ್ಲಿ 4 ಲಕ್ಷ ಹಳೆಯ ಕೊಳವೆಗಳಲ್ಲಿ ಸೋರಿಹೋಗುತ್ತದೆ, ಮತ್ತು ಅದರಲ್ಲಿ ಅರ್ಧದಷ್ಟನ್ನು ತಡೆಯಲು ಮಾತ್ರ ಈ ವರ್ಷ ಹಣವಿದೆ. ಇದನ್ನು ಹೊರಗೆಳೆಯುವ ಪ್ರಶ್ನೆ ಯಾವ ಗುಂಪಿನಿಂದ ಬರುತ್ತದೆ ಎಂಬುದನ್ನು ಶಿಕ್ಷಕರು ಗುರುತು ಹಾಕಿಕೊಳ್ಳಬೇಕು.

ಪಿರಿಯಡ್‌ಗಳ ನಡೆ

ಮೊದಲ ಪಿರಿಯಡ್‌ನಲ್ಲಿ ಸನ್ನಿವೇಶ, ಲೆಕ್ಕ ಮತ್ತು ಚೀಟಿಗಳ ಓದು ಮುಗಿಯಲಿ.

ಎರಡನೆಯದರಲ್ಲಿ ಮೊದಲ 15 ನಿಮಿಷ ಪ್ರತಿ ಗುಂಪು ಸಭೆಯ ಮುಂದೆ ತನ್ನ ಬೇಡಿಕೆಯನ್ನು ಎರಡೆರಡು ನಿಮಿಷ ಮಂಡಿಸಬೇಕು. ಉಳಿದ ಸಮಯ ಪ್ರತಿನಿಧಿಗಳು ಇತರ ಗುಂಪುಗಳ ಬಳಿಗೆ ಹೋಗಿ ನೇರವಾಗಿ ಮಾತುಕತೆ ನಡೆಸುತ್ತಾರೆ. ಹೊಂದಾಣಿಕೆಯ ನಿಜವಾದ ಕೆಲಸ ಇಲ್ಲಿಯೇ ಆಗುವುದರಿಂದ ಗದ್ದಲವಾದರೂ ಮಧ್ಯೆ ತಡೆಯಬಾರದು. 2012ರ ರಾಷ್ಟ್ರೀಯ ಜಲನೀತಿಯು ಕುಡಿಯುವ ನೀರು ಮತ್ತು ನೈರ್ಮಲ್ಯವನ್ನು ಎಲ್ಲಕ್ಕಿಂತ ಮೊದಲು ಇರಿಸಿ, ನಂತರ ಇತರ ಗೃಹಬಳಕೆ, ಆಹಾರ ಭದ್ರತೆ, ಜೀವನಾಧಾರ ಕೃಷಿ ಮತ್ತು ಪರಿಸರದ ಕನಿಷ್ಠ ಅಗತ್ಯಗಳಿಗೆ ಆದ್ಯತೆ ಕೊಡುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಅಡಿಕೆ ಜೀವನಾಧಾರ ಕೃಷಿಯೇ, ಕಲ್ಯಾಣ ಮಂಟಪದ ನೀರು ಯಾವ ಸಾಲಿಗೆ ಸೇರುತ್ತದೆ ಎಂಬ ವಾದ ಆ ಹಾಳೆಯ ಮುಂದೆ ಹುಟ್ಟಿಕೊಳ್ಳುತ್ತದೆ.

ಮೂರನೆಯ ಪಿರಿಯಡ್‌ನಲ್ಲಿ ಅಧ್ಯಕ್ಷರು ಕರಡು ನೀತಿಯನ್ನು ಓದುತ್ತಾರೆ. ಮತಕ್ಕೆ ಹಾಕಬಾರದು: ಮತಕ್ಕೆ ಹಾಕಿದರೆ ಕೆಳಗಿನ ಹಳ್ಳಿಯವರೂ ಹಳ್ಳದ ಪರದವರೂ ಪ್ರತಿಸಲವೂ ಸೋಲುತ್ತಾರೆ. ಪ್ರತಿ ಗುಂಪೂ "ಒಪ್ಪುತ್ತೇವೆ" ಅಥವಾ "ಈ ಕಾರಣಕ್ಕೆ ಒಪ್ಪುವುದಿಲ್ಲ" ಎಂದು ಹೇಳಿ, ಒಪ್ಪದಿದ್ದರೆ ಬದಲಿ ಸಲಹೆ ಕೊಡಬೇಕು. ಅಂತಿಮ ನಿರ್ಣಯದ ಕೆಳಗೆ ಭಿನ್ನಮತವನ್ನೂ ಬರೆದು ಸಹಿ ಹಾಕಿಸಿ.

ಶಿಕ್ಷಕರ ಗಮನಕ್ಕೆ ಲೆಕ್ಕ

ಕೊರತೆ 11 ಲಕ್ಷ ಲೀಟರ್. ಸೋರಿಕೆ ತಡೆಯಿಂದ 2 ಲಕ್ಷ, ಮರಕ್ಕೆ 16 ಲೀಟರ್ ಮಾಡುವುದರಿಂದ ಸುಮಾರು 2.6 ಲಕ್ಷ, ಮನೆಗಳ ಪಾಲನ್ನು ತಲಾ 100 ಲೀಟರಿಗೆ ಇಳಿಸುವುದರಿಂದ 4.9 ಲಕ್ಷ ಉಳಿಯುತ್ತದೆ. ಮೂರೂ ಸೇರಿ 9.5 ಲಕ್ಷ. ಇನ್ನುಳಿದ 1.5 ಲಕ್ಷ ಯಾರ ಪಾಲಿನಿಂದ ಬರಬೇಕು ಎಂಬುದೇ ಸಭೆಯ ತಿರುಳು. ಮದುವೆಯ ತಿಂಗಳಲ್ಲಿ ಮಂಟಪದವರು ಟ್ಯಾಂಕರ್ ತರಿಸಿಕೊಳ್ಳಲಿ ಎಂಬ ಸಲಹೆ ಬಂದರೆ, ಆ ಟ್ಯಾಂಕರ್ ನೀರು ಯಾರ ಬಾವಿಯಿಂದ ಬರುತ್ತದೆ ಎಂದು ಒಂದೇ ಒಂದು ಪ್ರಶ್ನೆ ಕೇಳಿ ಸುಮ್ಮನಾಗಿ.

ಮೌಲ್ಯಮಾಪನ

ಯಾವ ಗುಂಪು ಹೆಚ್ಚು ನೀರು ಗೆದ್ದಿತು ಎಂಬುದಕ್ಕೆ ಅಂಕವಿಲ್ಲ. 20 ಅಂಕಗಳಲ್ಲಿ 8 ಲೆಕ್ಕ ಮತ್ತು ಕಾನೂನಿನ ಸರಿಯಾದ ಬಳಕೆಗೆ, 6 ಎದುರಿನವರನ್ನು ಕೇಳಿದ ಪ್ರಶ್ನೆಗಳಿಗೆ, 6 ಮರುದಿನ ಪ್ರತಿಯೊಬ್ಬರೂ ಒಂದು ಪುಟ ಬರೆದು ತರುವ ಟಿಪ್ಪಣಿಗೆ. ಆ ಟಿಪ್ಪಣಿಯನ್ನು ವಿದ್ಯಾರ್ಥಿಯು ತನ್ನ ಗುಂಪಿನ ಪರವಾಗಿ ಬರೆಯದೆ, ಸಭೆಯಲ್ಲಿ ತನ್ನನ್ನು ಹೆಚ್ಚು ವಿರೋಧಿಸಿದ ಗುಂಪಿನ ಪರವಾಗಿ ಬರೆಯಬೇಕು.